ಕ್ಯಾಮೆರಾ ಮುಂದೆ ಯಾರೂ ಇಲ್ಲದಿದ್ದಾಗ

ನವೆಂಬರ್ ಬಂತೆಂದರೆ ಪಿಂಚಣಿದಾರರಿಗೆ ಒಂದು ಕೆಲಸ ಕಾದಿರುತ್ತದೆ. ತಾವು ಬದುಕಿದ್ದೇವೆಂದು ಸರ್ಕಾರಕ್ಕೆ ತೋರಿಸಿಕೊಡಬೇಕು. ಹಿಂದೆ ಇದಕ್ಕಾಗಿ ಬ್ಯಾಂಕಿಗೋ ಖಜಾನೆಗೋ ಹೋಗಿ ಸರತಿಯಲ್ಲಿ ನಿಲ್ಲಬೇಕಿತ್ತು. 2014ರಲ್ಲಿ ‘ಜೀವನ್ ಪ್ರಮಾಣ್’ ಬಂದ ಮೇಲೆ ಬೆರಳಚ್ಚು ಕೊಟ್ಟರೆ ಸಾಕಾಯಿತು. ಆದರೆ ವರ್ಷಗಟ್ಟಲೆ ದುಡಿದ ಕೈಗಳ ಬೆರಳ ಗೆರೆ ಸವೆದಿರುತ್ತದೆ, ಯಂತ್ರಕ್ಕೆ ಅದು ಸಿಗುವುದಿಲ್ಲ. ಹೀಗಾಗಿ 2021ರ ನವೆಂಬರ್‌ನಲ್ಲಿ ಮುಖ ತೋರಿಸಿ ಪ್ರಮಾಣಪತ್ರ ಪಡೆಯುವ ಅವಕಾಶವೂ ಸೇರಿತು. ಮೊಮ್ಮಗಳು ಮೊಬೈಲ್ ಹಿಡಿದುಕೊಂಡು ‘ತಾತ, ಇಲ್ಲಿ ನೋಡಿ, ಈಗ ಕಣ್ಣು ಮಿಟುಕಿಸಿ’ ಅನ್ನುತ್ತಾಳೆ. ಒಂದೆರಡು ಕ್ಷಣದಲ್ಲಿ ಕೆಲಸ ಮುಗಿಯುತ್ತದೆ.

ಆ ಕಣ್ಣು ಮಿಟುಕಿಸುವಿಕೆಯೇ ಇಲ್ಲಿನ ವಿಷಯ. ಮುಖ ಆಧಾರಿನಲ್ಲಿರುವ ಚಿತ್ರಕ್ಕೆ ಹೊಂದುತ್ತದೋ ಇಲ್ಲವೋ ಎಂದು ನೋಡುವುದು ಒಂದು ಕೆಲಸ. ಹೊಂದುತ್ತಿರುವುದು ನಿಜವಾದ ಮನುಷ್ಯನ ಮುಖವೋ, ಅವನ ಫೋಟೋವೋ ಎಂದು ನೋಡುವುದು ಬೇರೆಯದೇ ಕೆಲಸ. ಈ ಎರಡನೆಯದಕ್ಕೆ ಲೈವ್‌ನೆಸ್ ಚೆಕ್ ಎಂದು ಹೆಸರು. ಬ್ಯಾಂಕ್ ಖಾತೆ ತೆರೆಯುವಾಗ, ಸಾಲದ ಆ್ಯಪ್‌ನಲ್ಲಿ ಕೆವೈಸಿ ಮಾಡುವಾಗ ತಲೆ ಎಡಕ್ಕೆ ತಿರುಗಿಸಿ, ನಗಿ, ಹತ್ತಿರ ಬನ್ನಿ ಎಂದೆಲ್ಲ ಕೇಳುವುದು ಇದಕ್ಕಾಗಿಯೇ.

ಈ ಪರೀಕ್ಷೆ ಹುಟ್ಟಿದ್ದಕ್ಕೆ ಕಾರಣವಿತ್ತು. 2011ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಮುಖ ನೋಡಿ ಲಾಕ್ ತೆರೆಯುವ ಸೌಲಭ್ಯ ಬಂತು. ಮಾಲೀಕನ ಫೋಟೋ ಹಿಡಿದರೂ ಫೋನ್ ತೆರೆದುಕೊಳ್ಳುತ್ತದೆ ಎಂಬುದು ಬಹುಬೇಗ ಬಯಲಾಯಿತು. ಮರುವರ್ಷದ ಆವೃತ್ತಿಯಲ್ಲಿ ಗೂಗಲ್ ಕಣ್ಣು ಮಿಟುಕಿಸುವ ಪರೀಕ್ಷೆ ಸೇರಿಸಿತು. ಜನ ಅದಕ್ಕೂ ದಾರಿ ಕಂಡುಕೊಂಡರು. ಅದೇ ಫೋಟೋದ ಇನ್ನೊಂದು ಪ್ರತಿ ತೆಗೆದುಕೊಂಡು, ಕಣ್ಣಿನ ಜಾಗಕ್ಕೆ ಚರ್ಮದ ಬಣ್ಣ ಬಳಿದು, ಎರಡು ಚಿತ್ರಗಳನ್ನೂ ಒಂದಾದ ಮೇಲೊಂದು ತೋರಿಸಿದರು. ಕಣ್ಣು ತೆರೆದ ಚಿತ್ರ, ಮುಚ್ಚಿದ ಚಿತ್ರ, ಮತ್ತೆ ತೆರೆದ ಚಿತ್ರ: ಫೋನಿನ ಲೆಕ್ಕದಲ್ಲಿ ಅದೇ ಒಂದು ಮಿಟುಕು.

ಅಲ್ಲಿಂದಾಚೆಗೆ ಪರೀಕ್ಷಿಸುವವರು ಚಲನೆಯ ಜೊತೆಗೆ ಚಿತ್ರದ ಗುಣವನ್ನೂ ನೋಡತೊಡಗಿದರು. ಕಾಗದದ ಫೋಟೋ ಚಪ್ಪಟೆ. ಫೋನನ್ನು ಹತ್ತಿರ ತಂದರೆ ನಿಜವಾದ ಮುಖದಲ್ಲಿ ಮೂಗು ಕಿವಿಗಿಂತ ಹೆಚ್ಚು ಹಿಗ್ಗುತ್ತದೆ, ಕಾಗದದಲ್ಲಿ ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತದೆ. ಬೇರೆ ಮೊಬೈಲ್ ಪರದೆಯ ಮೇಲೆ ವಿಡಿಯೋ ಓಡಿಸಿ ಅದನ್ನು ಕ್ಯಾಮೆರಾಗೆ ತೋರಿಸಿದರೆ ಇನ್ನೊಂದು ಸುಳಿವು ಸಿಗುತ್ತದೆ. ಪರದೆಯಲ್ಲಿ ಪಿಕ್ಸೆಲ್‌ಗಳ ಸಾಲು, ಕ್ಯಾಮೆರಾ ಸೆನ್ಸರ್‌ನಲ್ಲೂ ಪಿಕ್ಸೆಲ್‌ಗಳ ಸಾಲು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಿಡಿದಾಗ ಕಾಣುವ ಅಲೆಗಳಂಥದ್ದೇ ಅಲೆಗಳು ಆಗ ಚಿತ್ರದಲ್ಲಿ ಮೂಡುತ್ತವೆ. ಇದಕ್ಕೆ ಮ್ವಾರೇ ವಿನ್ಯಾಸ ಎನ್ನುತ್ತಾರೆ. ನಮ್ಮ ಕಣ್ಣಿಗೆ ಅದು ತಪ್ಪಿಹೋಗಬಹುದು, ಸಾವಿರಾರು ನಕಲಿಗಳನ್ನು ನೋಡಿ ಕಲಿತ ಸಾಫ್ಟ್‌ವೇರ್‌ಗೆ ತಪ್ಪುವುದಿಲ್ಲ. ಪರದೆಯ ಅಂಚು, ಗಾಜಿನ ಹೊಳಪು, ಕಾಗದದ ಮಂಕು ಎಲ್ಲವೂ ಹೀಗೇ ಸಿಕ್ಕಿಬೀಳುತ್ತವೆ.

ಈ ಸುಳಿವುಗಳೆಲ್ಲ ಒಂದು ನಂಬಿಕೆಯ ಮೇಲೆ ನಿಂತಿವೆ. ನಕಲಿ ಏನೇ ಇರಲಿ, ಅದನ್ನು ಯಾರೋ ಕ್ಯಾಮೆರಾದ ಎದುರಿಗೆ ತಂದು ಹಿಡಿಯುತ್ತಾರೆ ಎಂಬ ನಂಬಿಕೆ ಅದು. ಅದನ್ನು ಬುಡಮೇಲು ಮಾಡಿದ ಪ್ರಕರಣವೊಂದು 2021ರ ಮಾರ್ಚ್‌ನಲ್ಲಿ ಚೀನಾದಿಂದ ಸುದ್ದಿಯಾಯಿತು.

ಶಾಂಘೈನ ಇಬ್ಬರು ಆರೋಪಿಗಳು ಕಾಳಸಂತೆಯಲ್ಲಿ ಅಪರಿಚಿತರ ಸ್ಪಷ್ಟವಾದ ಫೋಟೋಗಳನ್ನೂ ವೈಯಕ್ತಿಕ ವಿವರಗಳನ್ನೂ ಕೊಂಡರು. ಆ ಫೋಟೋಗಳನ್ನು ಆ್ಯಪ್‌ಗಳಿಗೆ ಕೊಟ್ಟು, ಅವು ತಲೆಯಾಡಿಸುವಂತೆ, ಕಣ್ಣು ಮಿಟುಕಿಸುವಂತೆ, ಬಾಯಿ ತೆರೆಯುವಂತೆ ವಿಡಿಯೋ ಮಾಡಿದರು. ಮುಂದಿನ ಹೆಜ್ಜೆಯೇ ಮುಖ್ಯವಾದದ್ದು. ಅವರ ಬಳಿ ಒಂದು ಮಾರ್ಪಡಿಸಿದ ಫೋನ್ ಇತ್ತು. ತೆರಿಗೆ ವ್ಯವಸ್ಥೆಯ ಮುಖ ಪರೀಕ್ಷೆ ‘ಮುಂದಿನ ಕ್ಯಾಮೆರಾ ತೆರೆ’ ಎಂದು ಹೇಳಿದಾಗ ಆ ಫೋನ್ ಕ್ಯಾಮೆರಾ ತೆರೆಯುವ ಬದಲು ಸಿದ್ಧವಾಗಿಟ್ಟ ವಿಡಿಯೋವನ್ನು ಒಪ್ಪಿಸುತ್ತಿತ್ತು. ಹೀಗೆ ಬೇರೆಯವರ ಹೆಸರಲ್ಲಿ ಹುಸಿ ಕಂಪನಿ ನೋಂದಾಯಿಸಿ, 2018ರಿಂದ ಸುಮಾರು 50 ಕೋಟಿ ಯುವಾನ್ ಮೌಲ್ಯದ ನಕಲಿ ತೆರಿಗೆ ಇನ್‌ವಾಯ್ಸ್ ಹೊರಡಿಸಿದರು ಎಂಬುದು ಅಲ್ಲಿನ ಪ್ರಾಸಿಕ್ಯೂಟರ್‌ಗಳ ಆರೋಪ.

ಈ ಬಗೆಯ ದಾಳಿಗೆ ತಜ್ಞರು ಇಂಜೆಕ್ಷನ್ ಎನ್ನುತ್ತಾರೆ. ಚಿತ್ರವನ್ನು ಕ್ಯಾಮೆರಾಗೆ ತೋರಿಸುವುದಿಲ್ಲ, ಕ್ಯಾಮೆರಾ ಮತ್ತು ಆ್ಯಪ್ ನಡುವಿನ ದಾರಿಯಲ್ಲಿ ಒಳಗೆ ತೂರಿಸುತ್ತಾರೆ. ಇಲ್ಲಿ ಪರದೆಯೂ ಇಲ್ಲ, ಕಾಗದವೂ ಇಲ್ಲ, ಆದ್ದರಿಂದ ಅಲೆಗಳಿಲ್ಲ, ಅಂಚಿಲ್ಲ, ಹೊಳಪಿಲ್ಲ. ಹಿಂದಿನ ಹತ್ತು ವರ್ಷದಲ್ಲಿ ಕಲಿತ ಸುಳಿವುಗಳಲ್ಲಿ ಬಹುಪಾಲು ಒಂದೇ ಏಟಿಗೆ ಕೆಲಸಕ್ಕೆ ಬಾರದಂತಾಗುತ್ತವೆ. ಮೋಸದ ವಿಡಿಯೋ ಎಷ್ಟೋ ಸಲ ನಿಜವಾದ ಗ್ರಾಹಕನ ವಿಡಿಯೋಗಿಂತ ಚೊಕ್ಕಟವಾಗಿರುತ್ತದೆ. ಬೆಳಕು ಚೆನ್ನಾಗಿರುತ್ತದೆ, ಕೈ ನಡುಗಿರುವುದಿಲ್ಲ.

ಗ್ರಾಹಕರಿಗೆ ಇದು ತಿಳಿದಿರಬೇಕಾದ ಇನ್ನೊಂದು ಕಾರಣವಿದೆ. ಮುಖ ಪರೀಕ್ಷೆಯ ಕಂಪನಿಗಳು ‘ನಮ್ಮದು ಐಎಸ್ಒ 30107 ಪ್ರಕಾರ ಪರೀಕ್ಷೆಯಾಗಿದೆ’ ಎಂದು ಹೇಳಿಕೊಳ್ಳುವುದುಂಟು. ಆ ಮಾನದಂಡ ಗಂಭೀರವಾದದ್ದೇ. ಪ್ರಯೋಗಾಲಯದವರು ಫೋಟೋ, ಪರದೆ, ಮುಖವಾಡಗಳನ್ನು ಕ್ಯಾಮೆರಾ ಮುಂದೆ ಮತ್ತೆ ಮತ್ತೆ ಹಿಡಿದು, ಎಷ್ಟು ಒಳಗೆ ನುಸುಳಿದವು ಎಂದು ಎಣಿಸುತ್ತಾರೆ. ಆದರೆ ಅದರ ವ್ಯಾಪ್ತಿ ಕ್ಯಾಮೆರಾ ಮುಂದೆ ಹಿಡಿಯುವ ನಕಲಿಗಳಿಗಷ್ಟೇ. ಕ್ಯಾಮೆರಾದ ಹಿಂದಿನಿಂದ ತೂರಿಸಿದ್ದನ್ನು ಅದು ಅಳೆಯುವುದೇ ಇಲ್ಲ. ಆ ಕೊರತೆ ತುಂಬಲು ಯುರೋಪಿನ ಮಾನದಂಡ ಸಂಸ್ಥೆ 2024ರಲ್ಲಿ ಪ್ರತ್ಯೇಕವಾಗಿ 18099 ಸಂಖ್ಯೆಯ ತಾಂತ್ರಿಕ ವಿವರಣೆ ಹೊರತಂದಿತು. ಹಾಗಾಗಿ ಯಾವ ಪ್ರಮಾಣಪತ್ರ ಯಾವ ದಾಳಿಗೆ ಸಂಬಂಧಿಸಿದ್ದು ಎಂದು ಬ್ಯಾಂಕುಗಳು ಕೇಳಲೇಬೇಕು.

ಮೊದಲೇ ಮಾಡಿಟ್ಟ ವಿಡಿಯೋಗೆ ಒಂದು ಮಿತಿ ಇದೆ. ಆ್ಯಪ್ ಇವತ್ತು ‘ಎಡಕ್ಕೆ ನೋಡಿ’ ಎಂದೂ ನಾಳೆ ‘ಮೇಲೆ ನೋಡಿ’ ಎಂದೂ ಕೇಳಿದರೆ ವಿಡಿಯೋ ತಬ್ಬಿಬ್ಬಾಗುತ್ತದೆ. ಆಜ್ಞೆಗಳನ್ನು ಹೀಗೆ ಅದಲುಬದಲು ಮಾಡುವುದು ಮರುಪ್ರಸಾರದ ವಿರುದ್ಧ ಹಳೆಯ, ಒಳ್ಳೆಯ ಅಸ್ತ್ರ. 2020ರ ಜನವರಿಯಲ್ಲಿ ವಿಡಿಯೋ ಕೆವೈಸಿಗೆ ಒಪ್ಪಿಗೆ ಕೊಟ್ಟಾಗ ರಿಸರ್ವ್ ಬ್ಯಾಂಕ್ ಇದೇ ತರ್ಕ ಅನುಸರಿಸಿತು. ಬ್ಯಾಂಕ್ ಅಧಿಕಾರಿ ಕೇಳುವ ಪ್ರಶ್ನೆಗಳ ಕ್ರಮ ಮತ್ತು ಬಗೆ ಬದಲಾಗುತ್ತಿರಬೇಕು, ಮಾತುಕತೆ ಮೊದಲೇ ಮುದ್ರಿಸಿದ್ದಲ್ಲ ಎಂಬುದು ಅದರಿಂದ ಖಚಿತವಾಗಬೇಕು ಎಂದಿತು.

ಮುಖ ಬದಲಿಸುವ ತಂತ್ರ ಈ ಅಸ್ತ್ರವನ್ನೂ ಮೊಂಡಾಗಿಸಿದೆ. ಏಕೆಂದರೆ ಅಲ್ಲಿ ಆಜ್ಞೆ ಪಾಲಿಸುವವನು ಜೀವಂತ ಮನುಷ್ಯನೇ. ವಂಚಕ ತನ್ನ ಕ್ಯಾಮೆರಾ ಮುಂದೆ ಕೂರುತ್ತಾನೆ. ಸೆಕೆಂಡಿಗೆ 30 ಚಿತ್ರಗಳೆಂದರೆ ಪ್ರತಿ ಚಿತ್ರಕ್ಕೂ ಸಾಫ್ಟ್‌ವೇರ್‌ಗೆ ಸಿಗುವುದು ಸುಮಾರು 33 ಮಿಲಿಸೆಕೆಂಡ್. ಅಷ್ಟರೊಳಗೆ ಅದು ವಂಚಕನ ಮುಖವನ್ನು ಹುಡುಕಿ, ಕಣ್ಣು, ಮೂಗು, ಬಾಯಿಯ ಬಿಂದುಗಳನ್ನು ಗುರುತಿಸಿ, ನೇರ ಮಾಡಿ, ಅವನದೇ ಭಾವ ಮತ್ತು ಅವನದೇ ನೋಟದ ದಿಕ್ಕು ಉಳಿಸಿಕೊಂಡು ಬಲಿಪಶುವಿನ ಮುಖವನ್ನು ರಚಿಸುತ್ತದೆ. ಆಮೇಲೆ ಬಣ್ಣ ಹೊಂದಿಸಿ, ಅಂಚು ಬೆರೆಸಿ, ಮೂಲ ಚಿತ್ರದಲ್ಲಿ ಅಂಟಿಸುತ್ತದೆ. ಕೂದಲು, ಕಿವಿ, ಕುತ್ತಿಗೆ, ಹಿಂದಿನ ಗೋಡೆ ಎಲ್ಲ ವಂಚಕನವೇ. ನಡುವಿನ ಮುಖವೊಂದು ಮಾತ್ರ ಬೇರೆಯವರದು. ಆ್ಯಪ್ ‘ನಗಿ’ ಎಂದರೆ ಅವನು ನಗುತ್ತಾನೆ, ಬಲಿಪಶುವಿನ ಮುಖವೂ ನಗುತ್ತದೆ. ಪ್ರಶ್ನೆ ಕೇಳಿದರೆ ಉತ್ತರವೂ ಸಿಗುತ್ತದೆ.

ಇಲ್ಲಿ ಒಂದು ವಿಚಿತ್ರವಿದೆ. ಮುಖ ಹೋಲಿಸುವ ಯಂತ್ರಗಳು ಮುಖವನ್ನು ಕೆಲವು ನೂರು ಸಂಖ್ಯೆಗಳ ಸಾಲಾಗಿ ಬದಲಿಸಿಕೊಳ್ಳುತ್ತವೆ. ಎರಡು ಸಾಲುಗಳು ಹತ್ತಿರವಿದ್ದರೆ ಒಬ್ಬನೇ ವ್ಯಕ್ತಿ ಎಂದು ತೀರ್ಮಾನ. ಮುಖ ಬದಲಿಸುವ ಹಲವು ಮಾದರಿಗಳನ್ನು ತರಬೇತುಗೊಳಿಸುವುದೂ ಇಂಥದ್ದೇ ಸಂಖ್ಯೆಗಳ ಸಾಲನ್ನು ಗುರಿಯಾಗಿಟ್ಟುಕೊಂಡು. ಅಂದರೆ ಪರೀಕ್ಷಕ ಬಳಸುವ ಅಳತೆಗೋಲಿಗೇ ಹೊಂದುವಂತೆ ನಕಲಿ ತಯಾರಾಗುತ್ತದೆ. ಆ ವ್ಯಕ್ತಿಯ ತಂಗಿ ನೋಡಿದರೆ ‘ಇದು ನಮ್ಮ ಅಣ್ಣನ ಹಾಗಿಲ್ಲವಲ್ಲ’ ಎಂದು ತಟ್ಟನೆ ಹೇಳಿಬಿಡಬಹುದಾದ ಚಿತ್ರಕ್ಕೂ ಯಂತ್ರ ಒಳ್ಳೆಯ ಅಂಕ ಕೊಡಬಹುದು.

ಹಾಗೆಂದು ಬದಲಿ ಮುಖ ಪರಿಪೂರ್ಣವಲ್ಲ. ಬಹಳ ಬಳಕೆಯಲ್ಲಿರುವ ಒಂದು ಮಾದರಿ ಮುಖವನ್ನು ರಚಿಸುವುದು ಬರೀ 128 ಪಿಕ್ಸೆಲ್ ಅಗಲ, 128 ಪಿಕ್ಸೆಲ್ ಎತ್ತರದಲ್ಲಿ. ಅದನ್ನು ಹಿಗ್ಗಿಸಿ ಅಂಟಿಸಿದಾಗ ಕೆನ್ನೆಯ ಚರ್ಮ ನುಣುಪಾಗಿಯೂ ಕುತ್ತಿಗೆಯ ಚರ್ಮ ಸಹಜವಾಗಿಯೂ ಕಾಣುತ್ತದೆ. ಮುಖದ ಮೇಲೆ ಕೈಯಾಡಿಸಿದರೆ ಬೆರಳಿನ ಮೇಲೆ ಮುಖ ಚೆಲ್ಲಿದಂತಾಗಬಹುದು. ಪೂರ್ತಿ ಪಕ್ಕಕ್ಕೆ, ಕಿವಿ ಎದುರಾಗುವಷ್ಟು ತಿರುಗಿದರೆ ಬಿಂದುಗಳು ತಪ್ಪಿ ಕ್ಷಣಕಾಲ ವಂಚಕನ ಸ್ವಂತ ಮುಖ ಇಣುಕಬಹುದು. ಆದರೆ ಹೆಚ್ಚಿನ ಆ್ಯಪ್‌ಗಳು ಅಷ್ಟು ತಿರುಗಲು ಹೇಳುವುದಿಲ್ಲ. ದುರ್ಬಲ ನೆಟ್‌ವರ್ಕ್‌ನಲ್ಲಿ ಹೋಗುವ ವಿಡಿಯೋ ಎಷ್ಟು ಕುಗ್ಗಿರುತ್ತದೆಂದರೆ, ಚರ್ಮದ ರಂಧ್ರ ನಿಜವಾದ ಮುಖದಲ್ಲೂ ಕಾಣುವುದಿಲ್ಲ.

ನಾಡಿಬಡಿತ ಹುಡುಕುವ ವಿಧಾನದ ಮೇಲೂ ಒಂದು ಕಾಲಕ್ಕೆ ಭರವಸೆಯಿತ್ತು. ಹೃದಯ ಬಡಿದಾಗಲೆಲ್ಲ ಮುಖದ ಬಣ್ಣ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬದಲಾಗುತ್ತದೆ, ಕ್ಯಾಮೆರಾ ಅದನ್ನು ಹಿಡಿಯಬಲ್ಲದು. ನಕಲಿ ಮುಖಕ್ಕೆ ನಾಡಿ ಇರಲಾರದು ಎಂದು ಭಾವಿಸಿದ್ದರು. 2025ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದ ಪ್ರಕಾರ, ಮುಖ ಬದಲಿಸಿದ ವಿಡಿಯೋಗಳಲ್ಲೂ ಹಿಂದೆ ಕೂತ ಮನುಷ್ಯನ ನಾಡಿಬಡಿತ ಹಾಗೇ ಉಳಿದು ಬರುತ್ತದೆ. ಜೀವವಿದೆಯೇ ಎಂಬ ಪ್ರಶ್ನೆಗೆ ಉತ್ತರ ಹೌದು, ಆದರೆ ಅದು ಬೇರೆಯವನ ಜೀವ.

ಇವೆಲ್ಲ ಒಟ್ಟು ಸೇರಿ ಜನಸಾಮಾನ್ಯರ ಉಳಿತಾಯಕ್ಕೆ ಕೈ ಹಾಕಿದ್ದು ಥಾಯ್ಲೆಂಡಿನಲ್ಲಿ. ಮೋಸದ ವರ್ಗಾವಣೆಗಳನ್ನು ತಡೆಯಲು ಅಲ್ಲಿನ ಕೇಂದ್ರ ಬ್ಯಾಂಕ್ 2023ರಲ್ಲಿ ಒಂದು ನಿಯಮ ಮಾಡಿತು. ಮೊಬೈಲ್ ಬ್ಯಾಂಕಿಂಗ್‌ನಲ್ಲಿ ಒಂದು ಸಲಕ್ಕೆ 50,000 ಬಾತ್, ಅಂದರೆ ಆಗಿನ ಲೆಕ್ಕದಲ್ಲಿ ಒಂದು ಲಕ್ಷ ರೂಪಾಯಿಗಿಂತ ತುಸು ಹೆಚ್ಚು, ಮೀರಿದರೆ ಮುಖ ಪರೀಕ್ಷೆ ಆಗಲೇಬೇಕು. ಒಟಿಪಿ ಕದ್ದರೆ ಸಾಲದು, ಮುಖವೂ ಬೇಕು ಎಂದಾಯಿತು. ಕಳ್ಳರು ಮುಖ ಕದಿಯಲು ಹೊರಟರು.

2024ರ ಫೆಬ್ರುವರಿಯಲ್ಲಿ ಸಿಂಗಪುರದ ಗ್ರೂಪ್-ಐಬಿ ಎಂಬ ಸೈಬರ್ ಸುರಕ್ಷಾ ಸಂಸ್ಥೆ ಈ ಜಾಲದ ವಿವರ ಪ್ರಕಟಿಸಿತು. ಅದು ಬಳಸುತ್ತಿದ್ದ ಕುತಂತ್ರಾಂಶಕ್ಕೆ ‘ಗೋಲ್ಡ್‌ಪಿಕ್‌ಆ್ಯಕ್ಸ್’ ಎಂದು ಹೆಸರಿಟ್ಟಿತು. ವಂಚಕರು ಸರ್ಕಾರಿ ಅಧಿಕಾರಿಗಳ ಸೋಗಿನಲ್ಲಿ ಮಾತನಾಡಿಸುತ್ತಿದ್ದರು. ಮನೆಯ ಹಿರಿಯರಿಗೆ ಪಿಂಚಣಿಯ ಹೆಚ್ಚುವರಿ ಸೌಲಭ್ಯ ಬಂದಿದೆ ಎನ್ನುತ್ತಿದ್ದರು. ಅದಕ್ಕಾಗಿ ‘ಡಿಜಿಟಲ್ ಪೆನ್ಷನ್’ ಎಂಬ ಆ್ಯಪ್ ಹಾಕಿಕೊಳ್ಳಲು ಲಿಂಕ್ ಬರುತ್ತಿತ್ತು. ಐಫೋನ್‌ಗಳಿಗೂ ಅದು ಅಧಿಕೃತ ಆ್ಯಪ್ ಸ್ಟೋರ್ ತಪ್ಪಿಸಿ, ಮೊದಲು ಪ್ರಯೋಗದ ಆ್ಯಪ್‌ಗಳಿಗಿರುವ ಟೆಸ್ಟ್‌ಫ್ಲೈಟ್ ಮೂಲಕ, ಆಮೇಲೆ ಫೋನಿನ ಹತೋಟಿಯನ್ನೇ ಹೊರಗಿನವರಿಗೆ ಒಪ್ಪಿಸುವ ಒಂದು ಪ್ರೊಫೈಲ್ ಮೂಲಕ ಬಂತು. ತೆರೆದಾಗ ಅದು ಗುರುತಿನ ಚೀಟಿಯ ಎರಡೂ ಬದಿಯ ಫೋಟೋ ಕೇಳಿತು. ಆಮೇಲೆ ಮುಖ ತೋರಿಸಿ, ಕಣ್ಣು ಮಿಟುಕಿಸಿ, ನಗಿ, ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಬಾಯಿ ತೆರೆಯಿರಿ ಎಂದಿತು.

ನಿಜವಾದ ಪರೀಕ್ಷೆಗಳಿಗೆ ಒಗ್ಗಿಹೋದ ಜನ ಅದನ್ನೂ ನಿಜವೆಂದೇ ನಂಬಿದರು. ಹೇಳಿದ್ದನ್ನೆಲ್ಲ ಮಾಡಿದರು. ಹೀಗೆ ಸಿಕ್ಕ ವಿಡಿಯೋ ಮುಖ ಬದಲಿಸುವ ಸಾಫ್ಟ್‌ವೇರ್‌ಗೆ ಒಳ್ಳೆಯ ಕಚ್ಚಾವಸ್ತು: ಎಲ್ಲ ಕೋನದಲ್ಲೂ, ಎಲ್ಲ ಭಾವದಲ್ಲೂ ಮುಖ ಸಿಕ್ಕಿರುತ್ತದೆ. ಜೊತೆಗೆ ಗುರುತಿನ ಚೀಟಿ ಇದೆ, ಫೋನಿಗೆ ಬರುವ ಎಸ್ಸೆಮ್ಮೆಸ್ ಓದುವ ಅನುಕೂಲವೂ ಇದೆ. ಥಾಯ್ ಪೊಲೀಸರ ಪ್ರಕಾರ ಕಳ್ಳರು ತಮ್ಮದೇ ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಂಕಿನ ಆ್ಯಪ್ ಹಾಕಿಕೊಂಡು, ಕದ್ದ ಮುಖದಿಂದ ಪರೀಕ್ಷೆ ದಾಟುತ್ತಿದ್ದರು. ಫೋನಿನೊಳಗೆ ಭದ್ರವಾಗಿರುವ ಫೇಸ್ ಐಡಿ ಮಾಹಿತಿಯನ್ನು ಅವರು ಮುಟ್ಟಿರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಸೌಲಭ್ಯದ ಆಸೆ ತೋರಿಸಿ ವಯಸ್ಸಾದವರನ್ನು ಗುರಿ ಮಾಡಿದ್ದು ಈ ಪ್ರಕರಣದ ಅತ್ಯಂತ ಹೇಯ ಭಾಗ. ಮುಖ ತೋರಿಸಿ ಪಿಂಚಣಿ ಪಡೆಯುವ ನಮ್ಮ ದೇಶದ ಹಿರಿಯರಿಗೂ ಇದು ನೇರವಾಗಿ ಅನ್ವಯಿಸುತ್ತದೆ. ಕಳಿಸಿದ ಲಿಂಕ್‌ನಿಂದ ಬಂದ ಆ್ಯಪ್ ಮುಖ ತಿರುಗಿಸಲು ಹೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ಹಾಗಾದರೆ ತಡೆಯುವವರು ಏನು ಮಾಡುತ್ತಾರೆ? ಮುಖವನ್ನು ಇನ್ನಷ್ಟು ದಿಟ್ಟಿಸುವುದಕ್ಕಿಂತ, ಈ ಚಿತ್ರ ಬಂದದ್ದೆಲ್ಲಿಂದ ಎಂದು ಕೇಳುವುದೇ ಇಲ್ಲಿ ಹೆಚ್ಚು ಫಲ ಕೊಡುತ್ತದೆ. ಇದಕ್ಕೆ ನಮ್ಮಲ್ಲೇ ಹಳೆಯದೊಂದು ಉದಾಹರಣೆಯಿದೆ. 2016ರ ಜುಲೈನಿಂದ 2017ರ ಫೆಬ್ರುವರಿವರೆಗೆ ಒಬ್ಬನೇ ವ್ಯಕ್ತಿಯ ಬೆರಳಚ್ಚಿನಿಂದ 397 ಆಧಾರ್ ವ್ಯವಹಾರಗಳು ನಡೆದದ್ದನ್ನು ಆಧಾರ್ ಪ್ರಾಧಿಕಾರ ಗಮನಿಸಿ ಪೊಲೀಸರಿಗೆ ದೂರು ಕೊಟ್ಟಿತು. ಒಮ್ಮೆ ಪಡೆದ ಬೆರಳಚ್ಚನ್ನು ಉಳಿಸಿಕೊಂಡು ಮತ್ತೆ ಮತ್ತೆ ಕಳಿಸಲಾಗಿದೆ ಎಂಬುದು ಶಂಕೆ. ಅದೇ ಬೆರಳನ್ನು ಎರಡು ಸಲ ಒತ್ತಿದರೂ ಒತ್ತಡ, ಕೋನ, ತೇವ ಬದಲಾಗಿ ಚಿತ್ರ ಸ್ವಲ್ಪವಾದರೂ ಬೇರೆಯಾಗಿರುತ್ತದೆ. ಅಚ್ಚಳಿಯದಂತೆ ಒಂದೇ ಆಗಿ ಬಂದರೆ ಅದು ಮರುಪ್ರಸಾರ ಎಂದೇ ಅರ್ಥ. ಆ ಕಾಲಕ್ಕೆ ಬಂದ ಪರಿಹಾರ ‘ನೋಂದಾಯಿತ ಸಾಧನ’. ಬೆರಳಚ್ಚು ಓದುವ ಯಂತ್ರವೇ ತನ್ನ ಗುಪ್ತ ಕೀಲಿಯಿಂದ ಸಹಿ ಹಾಕಿ, ಮುಚ್ಚಿ ಕಳಿಸಬೇಕು. ಆಗ ನಡುವಿನವರು ಹಳೆಯದನ್ನು ತೂರಿಸುವುದು ಕಷ್ಟ. ಇವತ್ತು ಪಿಂಚಣಿದಾರರು ಫೋನಿನಲ್ಲಿ ಹಾಕಿಕೊಳ್ಳುವ ‘ಆಧಾರ್ ಫೇಸ್ ಆರ್‌ಡಿ’ ಆ್ಯಪ್‌ನ ಹೆಸರಿನಲ್ಲಿರುವ ಕೊನೆಯ ಎರಡಕ್ಷರ ಅದೇ ಏರ್ಪಾಡಿನವು.

ಫೋನ್ ಮಾತ್ರ ಬೆರಳಚ್ಚು ಯಂತ್ರದಂತೆ ಮುಚ್ಚಿದ ಪೆಟ್ಟಿಗೆಯಲ್ಲ, ಮಾಲೀಕ ಅದನ್ನು ಬಿಚ್ಚಿ ಬದಲಿಸಬಲ್ಲ. ಆದ್ದರಿಂದ ಗೂಗಲ್ ಮತ್ತು ಆ್ಯಪಲ್, ಆ್ಯಪ್ ಮಾರ್ಪಾಡಾಗಿಲ್ಲ, ಫೋನ್ ಅಸಲಿ ಎಂಬುದಕ್ಕೆ ಯಂತ್ರಾಂಶದ ಮಟ್ಟದ ಸಾಕ್ಷಿ ಕೊಡುವ ಸೇವೆಗಳನ್ನು ಒದಗಿಸಿವೆ. ಬ್ಯಾಂಕಿನ ಸರ್ವರ್ ಮೊದಲು ಆ ಸಾಕ್ಷಿ ನೋಡುತ್ತದೆ. ಫೋನ್ ಅಲುಗಿದ್ದಕ್ಕೂ ಚಿತ್ರ ಅಲುಗಿದ್ದಕ್ಕೂ ತಾಳೆಯಾಗುತ್ತದೆಯೇ ಎಂದು ಒಳಗಿನ ಸೆನ್ಸರ್‌ಗಳನ್ನು ಕೇಳುವುದುಂಟು. ಇನ್ನು ಕೆಲವು ಆ್ಯಪ್‌ಗಳಲ್ಲಿ ಪರದೆ ಕೆಂಪು, ನೀಲಿ, ಹಸಿರು ಎಂದು ಮಿನುಗುತ್ತದೆ. ಆ ಬಣ್ಣಗಳ ಸರಣಿಯನ್ನು ಸರ್ವರ್ ಆ ಕ್ಷಣಕ್ಕೆ ಆರಿಸಿರುತ್ತದೆ, ಬೆಳಕು ಮೂಗು ಕೆನ್ನೆಗಳ ಮೇಲೆ ಅದೇ ಕ್ರಮದಲ್ಲಿ ಬಿದ್ದು ಮರಳಬೇಕು. ನಿನ್ನೆಯ ವಿಡಿಯೋದಲ್ಲಿ ಇವತ್ತಿನ ಸರಣಿ ಇರಲು ಸಾಧ್ಯವಿಲ್ಲ. ಬಯಲಿನ ಬಿಸಿಲಿನಲ್ಲಿ ಪರದೆಯ ಬೆಳಕು ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಈ ವಿಧಾನದ ದೌರ್ಬಲ್ಯ. ಬ್ರೌಸರ್‌ನಲ್ಲಿ ಲಿಂಕ್ ತೆರೆದು ಮಾಡುವ ಕೆವೈಸಿ ಇನ್ನೂ ದುರ್ಬಲ. ಕಂಪ್ಯೂಟರ್ ‘ಇದು ನನ್ನ ಕ್ಯಾಮೆರಾ’ ಎಂದು ಯಾವ ಸಾಫ್ಟ್‌ವೇರನ್ನು ತೋರಿಸಿದರೂ ಬ್ರೌಸರ್ ಬಹುಮಟ್ಟಿಗೆ ನಂಬುತ್ತದೆ.

ಒಂದೊಂದೇ ವಿಡಿಯೋ ನೋಡಿದರೆ ಕಾಣದ್ದು ಹಲವನ್ನು ಒಟ್ಟಿಗೆ ಹರವಿದಾಗ ಕಾಣುತ್ತದೆ. ಹಾಂಗ್‌ಕಾಂಗ್ ಪೊಲೀಸರು ಪತ್ತೆ ಮಾಡಿದ ಜಾಲವೊಂದು ಕಳೆದುಹೋದ ಎಂಟೇ ಎಂಟು ಗುರುತಿನ ಚೀಟಿಗಳಿಂದ 90 ಸಾಲದ ಅರ್ಜಿ ಹಾಕಿ, 54 ಬ್ಯಾಂಕ್ ಖಾತೆಗಳ ನೋಂದಣಿ ಮಾಡಿತ್ತು. ಕನಿಷ್ಠ 20 ಸಲ ಡೀಪ್‌ಫೇಕ್ ಮುಖ ಬಳಸಲಾಗಿತ್ತು. ಅದೇ ಚೀಟಿ, ಅದೇ ಹಿನ್ನೆಲೆಯ ಗೋಡೆ, ಅದೇ ಫೋನ್ ಹಲವು ಹೆಸರುಗಳಲ್ಲಿ ಬರುತ್ತಿದೆಯೇ ಎಂದು ಹಿಂಬದಿಯಲ್ಲಿ ನೋಡಿಕೊಳ್ಳುವ ಬ್ಯಾಂಕಿಗೆ, ಮುಖ ಎಷ್ಟೇ ಚೆನ್ನಾಗಿ ನಕಲಾಗಿದ್ದರೂ, ಇಂಥ ಜಾಲ ಹಿಡಿಯುವ ಅವಕಾಶವಿರುತ್ತದೆ.

ಪರೀಕ್ಷೆಯನ್ನು ಬಿಗಿ ಮಾಡಿದಷ್ಟೂ ತೊಂದರೆ ಅನುಭವಿಸುವವರು ಕಳ್ಳರಷ್ಟೇ ಅಲ್ಲ. ಅಗ್ಗದ ಫೋನ್, ಮಂದ ಬೆಳಕು, ನಡುಗುವ ಕೈ, ಕಣ್ಣಿನ ಪೊರೆ ಇರುವವರು ಮೊದಲು ತಿರಸ್ಕೃತರಾಗುತ್ತಾರೆ. ಆ್ಯಸಿಡ್ ದಾಳಿಯಲ್ಲಿ ಮುಖ ಮತ್ತು ಕಣ್ಣಿಗೆ ಹಾನಿಯಾದ ಮಹಿಳೆಯೊಬ್ಬರು 2023ರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗ ಕಣ್ಣು ಮಿಟುಕಿಸಿ ತೋರಿಸಬೇಕೆಂದು ಹೇಳಲಾಯಿತು. ಅದು ಅವರಿಂದ ಸಾಧ್ಯವಿರಲಿಲ್ಲ. ವಿಷಯ ಸುಪ್ರೀಂ ಕೋರ್ಟ್ ಮುಟ್ಟಿತು. 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಕಣ್ಣು ಮಿಟುಕಿಸುವುದಕ್ಕೆ ಪರ್ಯಾಯ ಇರಬೇಕು ಎಂಬುದೂ ಅದರಲ್ಲಿ ಸೇರಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ತನ್ನ ಕೆವೈಸಿ ನಿಯಮ ತಿದ್ದಿ, ಲೈವ್‌ನೆಸ್ ಚೆಕ್‌ನಿಂದಾಗಿ ವಿಶೇಷ ಅಗತ್ಯವುಳ್ಳವರು ಹೊರಗುಳಿಯುವಂತಾಗಬಾರದು ಎಂದು ಬರೆಯಿತು. ಮುಖ ಬದಲಿಸುವವರಿಗೆ ಮಿಟುಕು ಈಗ ಅಡ್ಡಿಯಾಗಿ ಉಳಿದಿಲ್ಲ. ಮಿಟುಕಿಸಲಾಗದವರಿಗೆ ಅದೊಂದೇ ದಾರಿಯೆಂದು ಹಟ ಹಿಡಿಯಲು ಬ್ಯಾಂಕುಗಳ ಬಳಿ ಸುರಕ್ಷತೆಯ ಕಾರಣವೂ ಉಳಿದಿಲ್ಲ, ನಿಯಮದ ಕಾರಣವೂ ಉಳಿದಿಲ್ಲ.